ಕೊರಿಯರ್ ಕಳೆದುಹೋದರೆ ಕ್ಲೇಮ್ ಮೇಲ್ ಹೇಗೆ ಬರೆಯಬೇಕು?

"ಹುಬ್ಬಳ್ಳಿಯಿಂದ ಪುಣೆಗೆ ಕಳಿಸಿದ ಕ್ಯಾಮೆರಾ ಲೆನ್ಸ್ ಕಳೆದುಹೋಗಿದೆ. ರಸೀದಿಯಲ್ಲಿ ಮೌಲ್ಯ ₹18,500 ಅಂತ ಇದೆ. ಕಂಪನಿಯವರು ಬರೀ ಕೊರಿಯರ್ ಚಾರ್ಜ್ ವಾಪಸ್ ಕೊಡ್ತೀವಿ ಅಂತಾರೆ. ಮೇಲ್‌ನಲ್ಲಿ ಏನು ಬರೆಯಲಿ?"

ಮೇಲ್ ಬರೆಯೋ ಮುಂಚೆ ರಸೀದಿ ಇನ್ನೊಮ್ಮೆ ನೋಡಿ ಸರ್. ಮೌಲ್ಯ ಬರೆದಿದ್ದ ಮಾತ್ರಕ್ಕೆ ವಿಮೆ ಆಗಿರೋದಿಲ್ಲ. ರಿಸ್ಕ್ ಚಾರ್ಜ್, ಎಫ್‌ಒವಿ ಅಂದ್ರೆ ಮೌಲ್ಯದ ಮೇಲಿನ ಶುಲ್ಕ, ಅಥವಾ ಇನ್ಶೂರೆನ್ಸ್ ಅಂತ ಬೇರೆ ಸಾಲಿನಲ್ಲಿ ದುಡ್ಡು ಹಿಡಿದಿದ್ದಾರಾ? ಹಿಡಿದಿದ್ದರೆ ನಿಮ್ಮ ಕೈ ಮೇಲು. "ಓನರ್ಸ್ ರಿಸ್ಕ್", ಅಂದ್ರೆ ಕಳೆದರೆ ಕಳಿಸಿದವರದ್ದೇ ಹೊಣೆ, ಅಂತ ಟಿಕ್ ಇದ್ದರೆ ಹೋರಾಟ ಕಷ್ಟ, ಆದರೂ ಬಿಡಬೇಡಿ.

ನನ್ನ ಮಿಕ್ಸರ್ ಕಳೆದಾಗ ಮೊದಲ ಮೇಲ್‌ನಲ್ಲಿ "ಸೂಕ್ತ ಪರಿಹಾರ ಕೊಡಿ" ಅಂತ ಬರೆದು ಕೆಟ್ಟೆ. ಹದಿನೈದು ದಿನ "ಪರಿಶೀಲಿಸುತ್ತಿದ್ದೇವೆ" ಅನ್ನೋ ಉತ್ತರವೇ ಬಂತು. ಮೊತ್ತ ನೇರವಾಗಿ ಹಾಕಿ:

"ಡಾಕೆಟ್ ಸಂಖ್ಯೆ ___, ಬುಕಿಂಗ್ ದಿನಾಂಕ ___. ಪಾರ್ಸೆಲ್ ತಲುಪಿಲ್ಲ, ಟ್ರ್ಯಾಕಿಂಗ್ ___ ರಂದು ___ ಹಬ್‌ನಲ್ಲಿ ನಿಂತಿದೆ. ಘೋಷಿತ ಮೌಲ್ಯ ₹18,500, ಅದರ ಮೇಲೆ ರಿಸ್ಕ್ ಚಾರ್ಜ್ ₹___ ಪಾವತಿಸಿದ್ದೇನೆ. ₹18,500 ಮತ್ತು ಸಾಗಣೆ ಶುಲ್ಕವನ್ನು 15 ದಿನದೊಳಗೆ ಪಾವತಿಸಿ. ಪಾರ್ಸೆಲ್ ಕಳೆದಿದೆ ಎಂಬ ಲಿಖಿತ ಪತ್ರವನ್ನೂ ಕೊಡಿ."

ಆ ಪತ್ರ ಮರೀಬೇಡಿ, ಕಳೆದಿದೆ ಅಂತ ಅವರೇ ಒಪ್ಪಿದ ದಾಖಲೆ ಅದು. ರಸೀದಿ, ಲೆನ್ಸ್ ಬಿಲ್, ಟ್ರ್ಯಾಕಿಂಗ್ ಸ್ಕ್ರೀನ್‌ಶಾಟ್ ಲಗತ್ತಿಸಿ.

ಇದನ್ನೇ ಪ್ರಿಂಟ್ ಹಾಕಿ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ, ಮೊಕದ್ದಮೆ ಹೂಡಬೇಕಂದ್ರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಹೋಗಿರಬೇಕು. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.