ಟೇಲರ್ ಸೂತ್ರ ಹಾಕಿದರೆ ರೆಪೊ ದರ 15 ಬರುತ್ತದೆ, ಎಲ್ಲಿ ತಪ್ಪಿತು?

ಪ್ರಶ್ನೆ: ಸರ್, ನಾನು ಕಾಸರಗೋಡಿನಲ್ಲಿ ಬಿ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ, ಮನೆ ಬದಿಯಡ್ಕ ಹತ್ತಿರ. ಟೇಲರ್ ನಿಯಮದ ಪ್ರಕಾರ 2022ರ ಮೇ ತಿಂಗಳಿಗೆ ರೆಪೊ ದರ ಎಷ್ಟಿರಬೇಕಿತ್ತು ಅಂತ ಲೆಕ್ಕ ಮಾಡಿದೆ. ಹಣದುಬ್ಬರ 7.79, ಗುರಿ 4, ನೈಜ ಬಡ್ಡಿ 1, ಜಿಡಿಪಿ 8.7 ಅಂತ ಹಾಕಿದೆ. ಉತ್ತರ 15 ಬಂತು. ಆದರೆ ರಿಸರ್ವ್ ಬ್ಯಾಂಕ್ ಆಗ ಇಟ್ಟದ್ದು 4.40. ಎಲ್ಲಿ ತಪ್ಪಿದೆ? ರಿಸರ್ವ್ ಬ್ಯಾಂಕ್ ನಿಜವಾಗಿ ಈ ಸೂತ್ರ ನೋಡಿಯೇ ದರ ಇಡುತ್ತದಾ? ಅಪ್ಪನ ಮನೆ ಸಾಲದ ಕಂತು ಆ ವರ್ಷದಿಂದ ಏರುತ್ತಲೇ ಹೋಯಿತು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಕೂಡು-ಕಳೆ ಸರಿಯಾಗಿದೆ. ತಪ್ಪಿದ್ದು 8.7ರಲ್ಲಿ. ಅದು ಜಿಡಿಪಿಯ ಬೆಳವಣಿಗೆ ದರ. ಸೂತ್ರ ಕೇಳುವುದು ಉತ್ಪಾದನಾ ಅಂತರ, ಅಂದರೆ ದೇಶ ಉತ್ಪಾದಿಸಬಲ್ಲದ್ದಕ್ಕಿಂತ ನಿಜವಾದ ಉತ್ಪಾದನೆ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಅನ್ನುವುದು. ಎರಡೂ ಶೇಕಡಾ ಲೆಕ್ಕದಲ್ಲೇ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಸುಲಭವಾಗಿ ಹೋಗಿ ಕೂರುತ್ತದೆ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು ಇದೇ.

ಕೇಂದ್ರ ಬ್ಯಾಂಕ್ ಬಡ್ಡಿದರ ಎಷ್ಟು ಇಡಬೇಕು ಅಂತ ಹೇಳಲು ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ಜಾನ್ ಟೇಲರ್ 1993ರಲ್ಲಿ ಕೊಟ್ಟ ಸೂತ್ರವನ್ನು ನಮ್ಮ ಮಾತಿನಲ್ಲಿ ಹೀಗೆ ಬರೆಯಬಹುದು:

ಬಡ್ಡಿದರ = ನೈಜ ಬಡ್ಡಿ + ಹಣದುಬ್ಬರ + 0.5 × (ಹಣದುಬ್ಬರ − ಗುರಿ) + 0.5 × ಉತ್ಪಾದನಾ ಅಂತರ

ಅಮೆರಿಕಕ್ಕೆ ಅವರು ಹಣದುಬ್ಬರದ ಗುರಿ 2, ಹಣದುಬ್ಬರ ಕಳೆದು ಉಳಿಯುವ ನೈಜ ಬಡ್ಡಿ 2 ಅಂತ ಇಟ್ಟಿದ್ದರು. ನಮ್ಮಲ್ಲಿ ಈ ಬಡ್ಡಿದರ ಅಂದರೆ ರೆಪೊ, ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ. ಗುರಿ 4. ನೈಜ ಬಡ್ಡಿಗೆ ನೀವು 1 ತೆಗೆದುಕೊಂಡದ್ದು ಸರಿಯಾಗಿಯೇ ಇದೆ. 2021ರ ಕೊನೆಯ ತ್ರೈಮಾಸಿಕಕ್ಕೆ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದೂ 0.8ರಿಂದ 1ರ ಒಳಗೆ.

ಹಣದುಬ್ಬರ ಸೂತ್ರದಲ್ಲಿ ಎರಡು ಸಲ ಬರುವುದು ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಹಣದುಬ್ಬರ 4, ಉತ್ಪಾದನಾ ಅಂತರ ಸೊನ್ನೆ ಇದ್ದರೆ ಉತ್ತರ 5 ಬರುತ್ತದೆ. ಈಗ ಹಣದುಬ್ಬರ 6ಕ್ಕೆ ಏರಿತು ಅಂದುಕೊಳ್ಳಿ. ದರವನ್ನು 5ರಲ್ಲೇ ಬಿಟ್ಟರೆ ಸಾಲ ತೆಗೆದವನಿಗೆ ಲಾಭ. ಅವನು ಕೊಡುವ ಬಡ್ಡಿಗಿಂತ ಬೆಲೆಗಳೇ ಜಾಸ್ತಿ ಏರುತ್ತವೆ, ಅಲ್ವಾ? ದರವನ್ನು 7 ಮಾಡಿದರೆ ಮೊದಲು ಇದ್ದಲ್ಲಿಗೆ ಬಂದಂತಾಯಿತು, ಅಷ್ಟೇ. ಸಾಲ ನಿಜವಾಗಿ ದುಬಾರಿ ಆಗಬೇಕಾದರೆ ಇನ್ನೂ ಮೇಲೆ ಹೋಗಬೇಕು. ಸೂತ್ರ ಹೇಳುವುದು 8. ಹಣದುಬ್ಬರ ಒಂದು ಅಂಶ ಏರಿದರೆ ದರ ಒಂದೂವರೆ ಅಂಶ ಏರಬೇಕು ಅನ್ನುವುದೇ ಈ ನಿಯಮದ ಜೀವಾಳ.

ಇನ್ನು ಉತ್ಪಾದನಾ ಅಂತರ. ನಿಮ್ಮ ಕಡೆಯ ಅಡಿಕೆ ತೋಟವನ್ನೇ ನೋಡಿ. ಒಂದು ತೋಟದಲ್ಲಿ ಸಾಧಾರಣ ವರ್ಷ 20 ಕ್ವಿಂಟಾಲ್ ಅಡಿಕೆ ಆಗುತ್ತದೆ. ಒಂದು ವರ್ಷ ಮಳೆ ಬಿಡದೆ ಕೊಳೆರೋಗ ಬಂದು 12ಕ್ಕೆ ಇಳಿಯಿತು. ಮರುವರ್ಷ ಮದ್ದು ಬಿಟ್ಟದ್ದು ಹಿಡಿಯಿತು, 15 ಆಯಿತು. ಬೆಳವಣಿಗೆ ಶೇಕಡಾ 25. ಆದರೂ ತೋಟ ಕೊಡಬಹುದಾದ್ದಕ್ಕಿಂತ ಶೇಕಡಾ 25 ಕಡಿಮೆಯೇ ಇದೆ. ಅಂದರೆ ಅಂತರ −25. ಟೇಲರ್ ಸೂತ್ರಕ್ಕೆ ಬೇಕಾದ್ದು ಈ ಎರಡನೆಯ ಸಂಖ್ಯೆ. ನೀವು ಕೊಟ್ಟದ್ದು ಮೊದಲನೆಯದನ್ನು.

2021-22ರಲ್ಲಿ ದೇಶಕ್ಕೆ ಆದದ್ದು ಹೆಚ್ಚುಕಡಿಮೆ ಇದೇ. 2022ರ ಮೇ 31ರಂದು ಬಂದ ತಾತ್ಕಾಲಿಕ ಅಂದಾಜಿನಲ್ಲಿ, 2011-12ರ ಬೆಲೆಯಲ್ಲಿ, ಜಿಡಿಪಿ 147.36 ಲಕ್ಷ ಕೋಟಿ ರೂಪಾಯಿ ಇತ್ತು. ಅದರ ಹಿಂದಿನ ವರ್ಷ, ಅಂದರೆ ಲಾಕ್‌ಡೌನ್ ವರ್ಷ, 135.58 ಲಕ್ಷ ಕೋಟಿ. ನಿಮ್ಮ 8.7 ಬಂದದ್ದು ಈ ಎರಡರಿಂದ. ಕೊರೊನಾಕ್ಕೂ ಮುಂಚಿನ 2019-20ರ ಜಿಡಿಪಿ 145.16 ಲಕ್ಷ ಕೋಟಿ. ಎರಡು ವರ್ಷದಲ್ಲಿ ನಿವ್ವಳವಾಗಿ ಏರಿದ್ದು ಶೇಕಡಾ ಒಂದೂವರೆ ಮಾತ್ರ. ಇಷ್ಟು ನೋಡಿದರೆ ಅಂತರದ ಚಿಹ್ನೆ ಪ್ಲಸ್ ಅಲ್ಲ, ಮೈನಸ್ ಅನ್ನುವುದು ಗೊತ್ತಾಗುತ್ತದೆ.

ಆದರೆ ಎಷ್ಟು ಮೈನಸ್? ನಿಜವಾದ ಕಷ್ಟ ಶುರುವಾಗುವುದು ಇಲ್ಲಿ. ತೋಟದ ಸಾಧಾರಣ ಇಳುವರಿ ಯಜಮಾನನಿಗೆ ಗೊತ್ತಿರುತ್ತದೆ. ದೇಶ ಎಷ್ಟು ಉತ್ಪಾದಿಸಬಲ್ಲದು ಅಂತ ಯಾವ ಕಚೇರಿಯೂ ಎಣಿಸಿ ಹೇಳುವುದಿಲ್ಲ. ಊಹಿಸಬೇಕು. 2019-20ರಲ್ಲಿ ಅಂತರ ಸೊನ್ನೆ ಇತ್ತು ಅಂತ ಸದ್ಯಕ್ಕೆ ಒಪ್ಪಿಕೊಳ್ಳೋಣ. ಆ ವರ್ಷವೂ ಬೆಳವಣಿಗೆ ನಿಧಾನವಾಗಿತ್ತು, ಹಾಗಾಗಿ ಇದೂ ಪ್ರಶ್ನಿಸಬಹುದಾದ ಮಾತೇ. ಅಲ್ಲಿಂದ ದೇಶದ ಸಾಮರ್ಥ್ಯ ವರ್ಷಕ್ಕೆ ಶೇಕಡಾ 6ರಂತೆ ಬೆಳೆಯಿತು ಅಂದರೆ, 2021-22ರಲ್ಲಿ ಅದು 163.10 ಲಕ್ಷ ಕೋಟಿ ಆಗಬೇಕು. ಆಗಿದ್ದು 147.36. ವ್ಯತ್ಯಾಸವನ್ನು 163.10ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅಂತರ −9.65.

ಕೊರೊನಾದಲ್ಲಿ ಸಣ್ಣ ಉದ್ದಿಮೆಗಳು ಮುಚ್ಚಿದವು, ಹೂಡಿಕೆ ನಿಂತಿತು, ಸಾಮರ್ಥ್ಯಕ್ಕೂ ಪೆಟ್ಟು ಬಿತ್ತು ಅಂತ ವಾದಿಸುವವರೂ ಇದ್ದಾರೆ. ಅವರ ಮಾತಿನಂತೆ ಸಾಮರ್ಥ್ಯ ವರ್ಷಕ್ಕೆ 3ರಂತೆ ಬೆಳೆದಿದ್ದರೆ ಅದು 154 ಲಕ್ಷ ಕೋಟಿ, ಅಂತರ −4.31. ಪೆಟ್ಟು ಇನ್ನೂ ಜೋರಾಗಿತ್ತು, ಬೆಳೆದದ್ದು 1ರಂತೆ ಮಾತ್ರ ಅಂದರೆ ಅಂತರ −0.49. ಅಂದರೆ ಹತ್ತಿರ ಹತ್ತಿರ ಏನೂ ಇಲ್ಲ.

ಇನ್ನೊಂದು ಸಣ್ಣ ತಪ್ಪೂ ಇದೆ. ನಿಮ್ಮ 7.79 ಏಪ್ರಿಲ್ 2022 ಒಂದೇ ತಿಂಗಳ ಹಣದುಬ್ಬರ. ಜಿಡಿಪಿ ಮಾತ್ರ ಇಡೀ ವರ್ಷದ್ದು. ಎರಡಕ್ಕೂ ಅವಧಿ ಒಂದೇ ಇರಬೇಕು. ಟೇಲರ್ ಕೂಡ ಹಿಂದಿನ ನಾಲ್ಕು ತ್ರೈಮಾಸಿಕಗಳ ಬೆಲೆ ಏರಿಕೆಯನ್ನೇ ತೆಗೆದುಕೊಂಡಿದ್ದರು. 2021-22ರ ಸರಾಸರಿ ಗ್ರಾಹಕ ಹಣದುಬ್ಬರ 5.5. ಅದನ್ನೇ ಹಾಕೋಣ.

ನೈಜ ಬಡ್ಡಿ 1, ಹಣದುಬ್ಬರ 5.5, ಗುರಿ ಮೀರಿದ 1.5ರ ಅರ್ಧ 0.75. ಒಟ್ಟು 7.25. ಇದಕ್ಕೆ ಅಂತರದ ಅರ್ಧ ಕೂಡಿಸಿ. ಅಂತರ ಮೈನಸ್ ಆದ್ದರಿಂದ ಮೊತ್ತ ಇಳಿಯುತ್ತದೆ. ಸಾಮರ್ಥ್ಯ 6ರಂತೆ ಬೆಳೆದಿದ್ದರೆ ಉತ್ತರ 2.4. 3ರಂತಾದರೆ 5.1. 1ರಂತಾದರೆ 7. ಆ ವರ್ಷ ಮುಗಿಯುವಾಗ ರೆಪೊ ದರ 4 ಇತ್ತು.

ಇದನ್ನು ಸ್ವಲ್ಪ ನಿಂತು ನೋಡಿ. ಹಣದುಬ್ಬರ ಅದೇ, ಜಿಡಿಪಿ ಅದೇ, ಸೂತ್ರವೂ ಅದೇ. ಕಣ್ಣಿಗೆ ಕಾಣದ ಒಂದು ಊಹೆ ಬದಲಾದದ್ದಕ್ಕೆ ಉತ್ತರ 2.4ರಿಂದ 7ರವರೆಗೆ ಓಡಾಡಿತು. 4 ಸಡಿಲವಾಯಿತು ಅನ್ನುವವರಿಗೂ ಇಲ್ಲಿ ಆಧಾರ ಸಿಗುತ್ತದೆ, ಬಿಗಿಯಾಯಿತು ಅನ್ನುವವರಿಗೂ ಸಿಗುತ್ತದೆ. ಅದಕ್ಕೇ ಟೇಲರ್ ನಿಯಮದ ಹೆಸರಲ್ಲಿ ಯಾರಾದರೂ ಒಂದೇ ಸಂಖ್ಯೆ ಹೇಳಿದರೆ, ಸಾಮರ್ಥ್ಯವನ್ನು ಎಷ್ಟು ಅಂತ ಇಟ್ಟುಕೊಂಡಿರಿ ಅಂತ ಮೊದಲು ಕೇಳಬೇಕು. ನಿಮ್ಮ ಉತ್ತರ ಪತ್ರಿಕೆಯಲ್ಲೂ ಸುಮ್ನೆ ಒಂದು ಸಂಖ್ಯೆ ಬರೆದು ಅಡಿಗೆರೆ ಹಾಕಬೇಡಿ. ಎರಡು ಮೂರು ಊಹೆಗೆ ಲೆಕ್ಕ ಮಾಡಿ, ಯಾವುದನ್ನು ನಂಬುತ್ತೀರಿ, ಯಾಕೆ ಅಂತ ಬರೆಯಿರಿ.

ಇಷ್ಟೆಲ್ಲ ನಾವು ಆಮೇಲೆ ಕೂತು ಮಾಡುವ ಲೆಕ್ಕ. ದರ ಇಡುವವರ ಎದುರು ಆ ದಿನ ಏನಿತ್ತು? ರಿಸರ್ವ್ ಬ್ಯಾಂಕ್ 4.40 ಅಂತ ಘೋಷಿಸಿದ್ದು 2022ರ ಮೇ 4ರಂದು. ನಿಮ್ಮ 7.79 ಹೊರಬಂದದ್ದು ಮೇ 12ಕ್ಕೆ. ಅವರ ಕೈಯಲ್ಲಿದ್ದದ್ದು ಮಾರ್ಚಿನ 6.95. ನಿಮ್ಮ 8.7 ಬಂದದ್ದು ಮೇ 31ಕ್ಕೆ. ಸಭೆಯ ದಿನ ಇದ್ದದ್ದು ಫೆಬ್ರವರಿಯ ಅಂದಾಜು, 8.9. ಅದೇ ವರ್ಷದ ಬೆಳವಣಿಗೆಯನ್ನು ಮುಂದೆ 9.1 ಅಂದರು, ಆಮೇಲೆ 9.7 ಅಂದರು. ಜಿಡಿಪಿಯೇ ಹೀಗೆ ತಿದ್ದುಪಡಿ ಆಗುತ್ತಾ ಹೋದರೆ ಅದರ ಮೇಲೆ ನಿಂತ ಅಂತರವೂ ಅಲುಗಾಡುತ್ತದೆ. ಅಮೆರಿಕದ ಅಂಕಿಅಂಶ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಅಥನೇಶಿಯಸ್ ಒರ್ಫನೈಡಿಸ್ 2001ರಲ್ಲಿ ತೋರಿಸಿದ್ದು ಇದನ್ನೇ. ಆ ದಿನ ಕೈಯಲ್ಲಿದ್ದ ಅಂಕಿಗಳಿಂದ ಬರುವ ದರವೂ, ತಿದ್ದಿದ ಅಂಕಿಗಳಿಂದ ಬರುವ ದರವೂ ತುಂಬ ಬೇರೆ ಬೇರೆ ಇರುತ್ತವೆ. ಹಿಂದಿನ ವರ್ಷದ ದರ ತಪ್ಪೋ ಸರಿಯೋ ಅಂತ ಇವತ್ತಿನ ಅಂಕಿ ಹಾಕಿ ತೀರ್ಪು ಕೊಡುವುದು ನ್ಯಾಯವಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಸೂತ್ರಕ್ಕೆ ಕಾಣದ ಇನ್ನೊಂದು ಸಂಗತಿ, ಬೆಲೆ ಏರಿದ್ದು ಯಾತಕ್ಕೆ ಅನ್ನುವುದು. 2022ರ ಆ ತಿಂಗಳುಗಳಲ್ಲಿ ಯುಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಬರುವುದು ಕಡಿಮೆಯಾಗಿತ್ತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಮುಂಬಯಿಯಲ್ಲಿ ರೆಪೊ ಏರಿಸಿದರೆ ತಾಳೆ ಎಣ್ಣೆ ಹಡಗು ಬರುವುದಿಲ್ಲ. ಬೆಲೆ ಏರಿಕೆ ಎಣ್ಣೆಯಲ್ಲೇ ನಿಲ್ಲದೆ ಹೋಟೆಲ್ ತಿಂಡಿಗೆ, ಬಸ್ ಟಿಕೆಟಿಗೆ, ಕೂಲಿಗೆ ಹರಡದಂತೆ ತಡೆಯುವುದಕ್ಕೆ ಮಾತ್ರ ಬಡ್ಡಿ ಉಪಯೋಗ. ಹರಡುತ್ತದೋ ಇಲ್ಲವೋ ಅನ್ನುವುದನ್ನು ಸೂತ್ರ ಹೇಳುವುದಿಲ್ಲ, ಕೂತವರು ಅಂದಾಜು ಮಾಡಬೇಕು.

ನಿಮ್ಮ ಅಪ್ಪನ ಕಂತಿನ ವಿಷಯ. ವಾಣಿಜ್ಯ ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಟ್ಟ, ಬಡ್ಡಿ ಏರಿಳಿಯುವ ಮನೆ ಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಬಡ್ಡಿ ಬದಲಿಸಬೇಕು. ರೆಪೊ 2022ರ ಮೇ ತಿಂಗಳ 4.40ರಿಂದ 2023ರ ಫೆಬ್ರವರಿಗೆ 6.50ಕ್ಕೆ ಏರಿತು. ಸಾಲ ಈ ರೀತಿಯದ್ದಾಗಿದ್ದರೆ ಏರಿಕೆ ಹಾಗೇ ಬಂದು ತಟ್ಟಿದೆ. ಊರಿನ ಸಹಕಾರಿ ಬ್ಯಾಂಕಿನ ಸಾಲವಾದರೆ ಈ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಮಂಜೂರಾತಿ ಪತ್ರದಲ್ಲಿ ಬಡ್ಡಿಯನ್ನು ಯಾವುದಕ್ಕೆ ಕಟ್ಟಿದ್ದಾರೆ ಅಂತ ನೋಡಿ.

ಕೊನೆಯ ಪ್ರಶ್ನೆಗೆ ಬರೋಣ. ಟೇಲರ್ ಸೂತ್ರ ಯಾವ ಕಾನೂನಿನಲ್ಲೂ ಇಲ್ಲ. ದರ ನಿರ್ಧರಿಸುವುದು ಆರು ಜನರ ಹಣಕಾಸು ನೀತಿ ಸಮಿತಿ, ಬಹುಮತದಿಂದ. ಇಂಥ ಸೂತ್ರಗಳನ್ನು ಕೈಗನ್ನಡಿಯಾಗಿ ಇಟ್ಟುಕೊಳ್ಳಬಹುದು, ಕಟ್ಟುಪಾಡಿಲ್ಲ. ಅವರಿಗೆ ಕಾನೂನಿನ ಕಟ್ಟುಪಾಡು ಇರುವುದು ಗುರಿಯ ಬಗ್ಗೆ ಮಾತ್ರ: ಹಣದುಬ್ಬರ 4, ಆಚೆ ಈಚೆ 2. ಸತತ ಮೂರು ತ್ರೈಮಾಸಿಕ ಸರಾಸರಿ ಈ ಗೆರೆ ದಾಟಿದರೆ ಯಾಕೆ ಹಾಗಾಯಿತು, ಏನು ಮಾಡುತ್ತೇವೆ, ಎಷ್ಟು ಕಾಲದಲ್ಲಿ ಸರಿಯಾಗುತ್ತದೆ ಅಂತ ಸರ್ಕಾರಕ್ಕೆ ಬರೆದು ಕೊಡಬೇಕು. ನೀವು ಲೆಕ್ಕ ಹಾಕಿದ ಆ 2022ರಲ್ಲೇ, ಜನವರಿಯಿಂದ ಸೆಪ್ಟೆಂಬರ್‌ವರೆಗೆ ಸರಾಸರಿ 6ರ ಮೇಲೆ ನಿಂತಿತು. ಈ ವ್ಯವಸ್ಥೆ ಬಂದ ಮೇಲೆ ಮೊದಲ ಸಲ ಅಂಥ ವರದಿ ಹೋದದ್ದು ಆ ವರ್ಷದ ನವೆಂಬರ್‌ನಲ್ಲಿ.