ಕಪ್ಪು ಆಪಲ್ ಟಿವಿ ಬಾಕ್ಸ್, ರಿಮೋಟ್ ಕಳೆದಿದೆ: ಫೋಟೋ ನೋಡಿ ಯಾವ ರಿಮೋಟ್ ಅಂತ ಹೇಳ್ತೀರಾ?

ಪ್ರಶ್ನೆ: ಹಳೇ ಆಪಲ್ ಟಿವಿ ಬಾಕ್ಸ್ ಇದೆ, ರಿಮೋಟ್ ಇಲ್ಲ. ಮುಂದಿನದು ಹಿಂದಿನದು ಎರಡೂ ಫೋಟೋ ಹಾಕಿದೀನಿ. ಮೈಕ್ ಇರೋ ಹೊಸ ರಿಮೋಟ್ ತಗೊಂಡ್ರೆ ನಡೆಯತ್ತಾ?

ಉತ್ತರ: ನಡೆಯಲ್ಲ, ತಗೋಬೇಡಿ. ನಿಮ್ಮ ಬಾಕ್ಸ್‌ಗೆ ಬೇಕಿರೋದು ಬೆಳ್ಳಿ ಬಣ್ಣದ ತೆಳ್ಳನೆ ಅಲ್ಯೂಮಿನಿಯಂ ರಿಮೋಟ್, ಅದರ ಹಿಂದೆ A1294 ಅಂತ ಇರತ್ತೆ.

ಮುಂದಿನ ಫೋಟೋದಿಂದ ಜಾಸ್ತಿ ಏನೂ ಗೊತ್ತಾಗಲ್ಲ ಬಿಡಿ, ಎರಡನೇ ಜನರೇಶನ್‌ನಿಂದ ಈಚೆಗೆ ಎಲ್ಲಾದೂ ಅದೇ ಕಪ್ಪು ಡಬ್ಬಿ, ಮುಂದೆ ಒಂದು ಸಣ್ಣ ಲೈಟು ಅಷ್ಟೆ. ವಿಷಯ ಇರೋದು ಹಿಂದಿನ ಫೋಟೋದಲ್ಲಿ. ಎಚ್‌ಡಿಎಂಐ ಮತ್ತೆ ನೆಟ್‌ವರ್ಕ್ ಕೇಬಲ್ ಹಾಕೋ ಜಾಗದ ಜೊತೆಗೆ ಇನ್ನೊಂದು ಚಿಕ್ಕ ಚೌಕದ ತೂತು ಕಾಣ್ತಿದೆಯಲ್ಲ, ಅದು ಆಪ್ಟಿಕಲ್ ಆಡಿಯೋ, ಬಾಕ್ಸ್ ಆನ್ ಮಾಡಿದ್ರೆ ಅದರೊಳಗೆ ಕೆಂಪಗೆ ಬೆಳಕು ಕಾಣಬಹುದು. ಈ ಕಪ್ಪು ಬಾಕ್ಸ್‌ಗಳಲ್ಲಿ ಅದು ಇರೋದು ಎರಡನೇ ಮತ್ತು ಮೂರನೇ ಜನರೇಶನ್‌ನಲ್ಲಿ ಮಾತ್ರ. 2015ರಲ್ಲಿ ಬಂದ ನಾಲ್ಕನೇ ಜನರೇಶನ್‌ನಲ್ಲಿ ಅದನ್ನ ತೆಗೆದು ಯುಎಸ್‌ಬಿ-ಸಿ ಕೊಟ್ರು, 2017ರ 4ಕೆ ಬಾಕ್ಸ್‌ನಲ್ಲಿ ಆ ಯುಎಸ್‌ಬಿ-ಸಿನೂ ಇಲ್ಲ.

ಹಿಂಭಾಗ ಫೋಟೋದಲ್ಲಿ ಇಲ್ದೇ ಹೋಗಿದ್ರೆ ದಪ್ಪ ನೋಡಿ ಹೇಳಬಹುದಿತ್ತು. ಎರಡಕ್ಕೂ ಅಗಲ ಹತ್ತಿರ ಹತ್ತಿರ 98 ಮಿ.ಮೀ., ಆದ್ರೆ ಹಳೇದರ ಎತ್ತರ 23, ನಾಲ್ಕನೇದು 35. ಅಂದ್ರೆ ನೇರ ಎದುರಿಂದ ತೆಗೆದ ಫೋಟೋದಲ್ಲಿ ಅಗಲ ಎತ್ತರದ ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬಂದ್ರೆ ಹಳೇದು, ಮೂರು ಪಟ್ಟಿನ ಆಸುಪಾಸು ಬಂದ್ರೆ ಹೊಸದು. ನಿಮ್ಮ ಮೊದಲನೇ ಫೋಟೋ ಮೇಲಿಂದ ಓರೆಯಾಗಿ ತೆಗೆದಿರೋದು, ಅದನ್ನ ಅಳೆದು ಪ್ರಯೋಜನ ಇಲ್ಲ, ಯಾವ ಬಾಕ್ಸ್ ಆದ್ರೂ ದಪ್ಪಗೇ ಕಾಣತ್ತೆ.

ಎರಡನೇದೋ ಮೂರನೇದೋ ಅಂತ ತಲೆ ಕೆಡಿಸ್ಕೋಬೇಡಿ, ಎರಡಕ್ಕೂ ರಿಮೋಟ್ ಒಂದೇ. ಆದ್ರೂ ದುಡ್ಡು ಕೊಡೋ ಮುಂಚೆ ಖಾತ್ರಿ ಬೇಕು ಅಂದ್ರೆ ಬಾಕ್ಸ್ ಬೋರಲು ಹಾಕಿ ಮಾಡೆಲ್ ನಂಬರ್ ಓದಿ. ಕಪ್ಪಿನ ಮೇಲೆ ಸಣ್ಣ ಅಕ್ಷರ, ಫ್ಲ್ಯಾಶ್ ಹಾಕಿ ನೇರ ಹೊಡೆದ್ರೆ ಬರೀ ಬೆಳ್ಳಗೆ ಹೊಳೆಯತ್ತೆ, ಫ್ಲ್ಯಾಶ್ ಆಫ್ ಮಾಡಿ ಇನ್ನೊಂದು ಫೋನಿನ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದು ತೆಗೀರಿ. A1378 ಇದ್ರೆ ಎರಡನೇದು, A1427 ಅಥವಾ A1469 ಇದ್ರೆ ಮೂರನೇದು. A1625 ಅಂತ ಬಂತು ಅಂದ್ರೆ ಮಾತ್ರ ನಾನು ಹೇಳಿದ್ದು ತಪ್ಪಾಗತ್ತೆ, ಅದು ನಾಲ್ಕನೇದು, ಅದಕ್ಕೆ ಮೈಕ್ ರಿಮೋಟೇ ಸರಿ. ಹಾಂ, ಫೋಟೋ ಇಲ್ಲಿ ಹಾಕೋದಾದ್ರೆ ಪಕ್ಕದಲ್ಲಿರೋ ಸೀರಿಯಲ್ ನಂಬರ್ ಮುಚ್ಚಿ.

ಮೈಕ್ ರಿಮೋಟ್ ಯಾಕೆ ಆಗಲ್ಲ ಅಂದ್ರೆ ಅದು ಬಾಕ್ಸ್ ಜೊತೆ ಮಾತಾಡೋದು ಬ್ಲೂಟೂತ್‌ನಲ್ಲಿ, ಹಳೇ ಬಾಕ್ಸ್ ರಿಮೋಟಿಂದ ಕಾಯ್ತಾ ಇರೋದು ಇನ್ಫ್ರಾರೆಡ್ ಸಿಗ್ನಲ್‌ಗೆ, ಹಾಗಾಗಿ ಎಷ್ಟು ಹೊತ್ತು ಬಟನ್ ಒತ್ತಿ ಹಿಡಿದ್ರೂ ಪೇರ್ ಆಗಲ್ಲ. ಮಾರೋರು ಎರಡಕ್ಕೂ "ಆಪಲ್ ಟಿವಿ ರಿಮೋಟ್" ಅಂತಲೇ ಹೆಸರು ಹಾಕಿರ್ತಾರೆ, ಅದಕ್ಕೇ ಜನ ಎಡವೋದು. ನೀವು ಹೆಸರು ಬಿಟ್ಟು ಚಿತ್ರ ನೋಡಿ: ಮೇಲೆ ಬಾಣ ಇಲ್ಲದ ದುಂಡು ರಿಂಗು, ಕೆಳಗೆ ಮೆನು ಮತ್ತು ಪ್ಲೇ, ಒಟ್ಟು ಅಷ್ಟೇ ಬಟನ್, ವಾಲ್ಯೂಮ್ ಬಟನ್ ಇದ್ರೆ ಅದು ನಿಮ್ಮದಲ್ಲ. ಇನ್ಫ್ರಾರೆಡ್ ಆಗಿರೋದ್ರಿಂದ ಬೇರೆ ಕಂಪನಿ ಮಾಡಿದ ನಕಲು ಕೂಡ ಸಾಮಾನ್ಯವಾಗಿ ಕೆಲಸ ಮಾಡತ್ತೆ.

ರಿಮೋಟ್ ಬಂದ ಮೇಲೂ ಬಾಕ್ಸ್ ಸುಮ್ನಿದ್ರೆ ಮೊದಲು ರಿಮೋಟಿನ ತುದಿಯನ್ನ ಫೋನ್ ಕ್ಯಾಮೆರಾ ಎದುರು ಹಿಡಿದು ಬಟನ್ ಒತ್ತಿ, ಸ್ಕ್ರೀನಲ್ಲಿ ನೇರಳೆ ಥರ ಮಿನುಗಬೇಕು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಎರಡರಲ್ಲೂ ಇಲ್ಲ ಅಂದ್ರೆ ಸೆಲ್ ಬದಲಿಸಿ, CR2032 ಹಿಡಿಯತ್ತೆ. ಮಿನುಗ್ತಿದೆ, ಆದ್ರೆ ಪ್ರತಿ ಸಲ ಒತ್ತಿದಾಗ ಬಾಕ್ಸ್‌ನ ಲೈಟ್ ಮೂರು ಸಲ ಹೊಡ್ಕೊಳ್ತಿದೆ ಅಂದ್ರೆ ಆ ಬಾಕ್ಸನ್ನ ಕಳೆದುಹೋದ ರಿಮೋಟಿಗೆ ಕಟ್ಟಿಟ್ಟಿದಾರೆ ಅಂತ ಅರ್ಥ, ಹೊಸ ರಿಮೋಟಿನಲ್ಲೇ ಮೆನು ಮತ್ತು ರಿಂಗಿನ ಎಡಭಾಗ ಎರಡನ್ನೂ ಒಟ್ಟಿಗೆ 6 ಸೆಕೆಂಡು ಹಿಡೀರಿ, ಟಿವಿಯಲ್ಲಿ ಮುರಿದ ಸರಪಳಿ ಚಿತ್ರ ಬಂದ್ರೆ ಬಿಟ್ಕೊಂಡಿದೆ, ಆಮೇಲೆ ಮಾಮೂಲಿ ಥರ ಬಳಸಬಹುದು.