ಗುಜರಿಗೆ ಹಾಕಿದ ಜೀಪಿನ ವಿಮೆ: ಪ್ರೀಮಿಯಂ ವಾಪಸ್ ಕೇಳುವ ಬಗ್ಗೆ

«ಹಳೇ ಡೀಸೆಲ್ ಜೀಪನ್ನು ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟೆ. ಥರ್ಡ್ ಪಾರ್ಟಿ ವಿಮೆ ಇನ್ನೂ ಏಳು ತಿಂಗಳಿದೆ. ಡಿ-ರಿಜಿಸ್ಟ್ರೇಷನ್ ಪ್ರತಿ ಲಗತ್ತಿಸಿ ಉಳಿದ ಹಣ ಕೇಳಿದರೆ, ಕಂಪನಿಯವರು ಬೇರೆ ಪಾಲಿಸಿಯ ಪ್ರತಿ ಕಳಿಸಿ ಅಂತಾರೆ. ಗಾಡಿಯೇ ಇಲ್ಲ, ಎಲ್ಲಿಂದ ಕಳಿಸಲಿ? ಏನ್ಮಾಡೋದು ಹೇಳಿ.»

ಅಣ್ಣಾ, ಹಿಂದೆ ವಿಮಾ ಕಚೇರಿಯಲ್ಲಿ ಪಾಲಿಸಿ ರದ್ದತಿಯ ಕಾಗದಗಳನ್ನೇ ನೋಡುತ್ತಿದ್ದವನು ನಾನು. ಅವರು ಬೇರೆ ಪಾಲಿಸಿ ಕೇಳಿದ್ದು ನಿಮ್ಮನ್ನು ಸತಾಯಿಸೋಕಲ್ಲ. ಒಂದೇ ಗಾಡಿಗೆ ಎರಡು ವಿಮೆ ಆಗಿಬಿಟ್ಟಿದೆ, ಒಂದನ್ನು ತೆಗೆಯಿರಿ ಅಂತ ಬರೋರೇ ಹೆಚ್ಚು. ನಿಮ್ಮ ಅರ್ಜಿಯೂ ಅದೇ ಸಾಲಿಗೆ ಬಿದ್ದಿರಬೇಕು. ಕಾರಣದ ಜಾಗದಲ್ಲಿ ಏನು ಬರೆದಿದ್ದೀರಿ ನೋಡಿ. «ಗಾಡಿ ಕೊಟ್ಟಾಯ್ತು» ಅಂದರೆ ಅವರು ಮಾರಾಟ ಅಂತ ತಿಳೀತಾರೆ. ಮಾರಿದ ಗಾಡಿಯ ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆಗೇ ಹೋಗುತ್ತೆ, ರದ್ದಾಗಲ್ಲ. ಇದೇ ಪ್ರಶ್ನೆಗೆ ಇಲ್ಲಿ ಉತ್ತರ ಬರೆದವರಲ್ಲಿ, ಟ್ರ್ಯಾಕ್ಟರ್ ಮಾರಿದೆ, ವಿಮೆ ಹಣ ವಾಪಸ್ ಬರಲಿಲ್ಲ ಅಂದ ಗೆಳೆಯರಿಗೆ ದುಡ್ಡು ಸಿಗದೇ ಇದ್ದದ್ದು ಅದಕ್ಕೇ. ಅವರ ಕತೆಯೇ ಬೇರೆ, ನಿಮ್ಮದೇ ಬೇರೆ.

ಇನ್ನು ಥರ್ಡ್ ಪಾರ್ಟಿಯದ್ದು ಪೈಸೆನೂ ವಾಪಸ್ ಬರಲ್ಲ ಅಂತ ಇಲ್ಲೇ ಬರೆದ ಅಕ್ಕನ ಮಾತು ಅರ್ಧ ಸರಿ. ರಸ್ತೆ ಮೇಲಿರೋ ಗಾಡಿಗೆ ಆ ವಿಮೆ ಕಾನೂನಿನಲ್ಲಿ ಕಡ್ಡಾಯ, ಹಾಗಾಗಿ ಸುಮ್ಮನೆ ಬೇಡ ಅಂದರೆ ಬಿಡಲ್ಲ. ಆರ್‌ಸಿಯೇ ರದ್ದಾಗಿದ್ದರೆ ಬಿಡ್ತಾರೆ.

ತೊಡಕು ಇರೋದು ಆ «ರದ್ದಾಗಿದ್ದರೆ» ಅನ್ನೋದರಲ್ಲೇ. ಡಿ-ರಿಜಿಸ್ಟ್ರೇಷನ್ ಪ್ರತಿ ಅಂತ ನೀವು ಪ್ರಶ್ನೆಯ ಜೊತೆ ಹಾಕಿರೋ ಕಾಗದದ ಫೋಟೋ ನೋಡಿದೆ. ಅದು ಸರ್ಟಿಫಿಕೇಟ್ ಆಫ್ ಡೆಪಾಸಿಟ್. ಗಾಡಿಯನ್ನು ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿದ್ದಕ್ಕೆ ಅದು ಸಾಕ್ಷಿ. ಹೊಸ ಗಾಡಿ ತಗೊಂಡಾಗ ತೆರಿಗೆ ರಿಯಾಯಿತಿಗೂ ಅದೇ ಬೇಕು, ಜೋಪಾನ. ಆದರೆ ವಿಮೆಯವರಿಗೆ ಅದೊಂದೇ ಸಾಲದು. ಗಾಡಿ ಕತ್ತರಿಸಿದ ಮೇಲೆ ಕೇಂದ್ರದವರು ಸರ್ಟಿಫಿಕೇಟ್ ಆಫ್ ವೆಹಿಕಲ್ ಸ್ಕ್ರ್ಯಾಪಿಂಗ್ ಅಂತ ಇನ್ನೊಂದು ಕೊಡ್ತಾರೆ, ಅದನ್ನು ಕೇಳಿ ಪಡೀರಿ. ಆಮೇಲೆ ಸರ್ಕಾರದ ವಾಹನ್ ಜಾಲತಾಣದಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ. ಆರ್‌ಸಿ ಇನ್ನೂ ಚಾಲ್ತಿ ಅಂತಲೇ ತೋರಿಸಿದರೆ ವಿಮೆಯವರನ್ನು ಬೈದು ಫಲವಿಲ್ಲ, ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ರದ್ದಾಗಿದೆ ಅಂತ ಬಂದರೆ ಆ ಪುಟವನ್ನೂ ಅರ್ಜಿಗೆ ಸೇರಿಸಿ. ಊರಿನ ಗುಜರಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಕೊಟ್ಟವರಿಗೆ ಇದ್ಯಾವುದೂ ಸಿಗಲ್ಲ. ಗಾಡಿ ಪುಡಿಯಾಗಿದ್ದರೂ ದಾಖಲೆಯಲ್ಲಿ ಅವರ ಹೆಸರಲ್ಲೇ ಓಡ್ತಾ ಇರುತ್ತೆ.

ದುಡ್ಡಿನ ವಿಷಯಕ್ಕೆ ಬರೋಣ. 1500 ಸಿಸಿ ಮೀರಿದ ಖಾಸಗಿ ಗಾಡಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ವರ್ಷಕ್ಕೆ 7,897 ರೂಪಾಯಿ, ತೆರಿಗೆ ಬೇರೆ. ನೀವು ಕಟ್ಟಿದ್ದೂ ಅಷ್ಟೇ, ಇನ್ನು 219 ದಿನ ಬಾಕಿ ಅಂತಿಟ್ಟುಕೊಳ್ಳಿ. ದಿನದ ಲೆಕ್ಕ ಹಾಕಿದರೆ ವಾಪಸ್ 4,738 ರೂಪಾಯಿ ಬರಬೇಕು. ಆದರೆ ಹಳೇ ಮೋಟಾರ್ ಟ್ಯಾರಿಫ್‌ನಲ್ಲಿ ಶಾರ್ಟ್ ಪೀರಿಯಡ್ ಪಟ್ಟಿ ಅಂತ ಒಂದಿತ್ತು. ಅದರ ಪ್ರಕಾರ ಐದನೇ ತಿಂಗಳಲ್ಲಿ ರದ್ದು ಮಾಡಿದರೆ ಕಂಪನಿ ನೂರಕ್ಕೆ 60 ಇಟ್ಟುಕೊಳ್ಳುತ್ತಿತ್ತು, ಆ ಲೆಕ್ಕದಲ್ಲಿ ನಿಮಗೆ 3,159 ಮಾತ್ರ. ಎಂಟು ತಿಂಗಳು ದಾಟಿದರೆ ಏನೂ ಇರಲಿಲ್ಲ. ಆದರೆ ವಿಮಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್, ಒಂದು ವರ್ಷದ ಪಾಲಿಸಿಯಲ್ಲಿ ಕ್ಲೇಮ್ ಆಗಿರದಿದ್ದರೆ ಉಳಿದ ಅವಧಿಗೆ ತಕ್ಕಷ್ಟು ಹಣ ಕೊಡಬೇಕು ಅನ್ನುತ್ತೆ. ಪಾಲಿಸಿ ಪುಸ್ತಕದಲ್ಲಿ ಹಳೇ ಪಟ್ಟಿ ಇನ್ನೂ ಅಚ್ಚಾಗಿದ್ದು, ಕೌಂಟರಿನವರು ಅದನ್ನೇ ತೋರಿಸಿದರೆ ಈ ಸರ್ಕ್ಯುಲರ್ ಹೆಸರು ಹೇಳಿ.

ಯಾವ ದಿನದಿಂದ ಲೆಕ್ಕ ಅನ್ನೋದರಲ್ಲಿ ಜಗಳ ಬರಬಹುದು. ಆರ್‌ಸಿ ರದ್ದಾದ ದಿನದಿಂದ ಕೇಳಿ ಅಂತ ಶಿರಸಿಯ ಗೆಳೆಯರೊಬ್ಬರು ಇಲ್ಲೇ ಬರೆದಿದ್ದಾರೆ. ಕೇಳೋದರಲ್ಲಿ ತಪ್ಪಿಲ್ಲ. ನಾನು ಕಂಡಂತೆ ಅರ್ಜಿ ಮುಟ್ಟಿದ ದಿನವನ್ನೇ ಹಿಡೀತಾರೆ. ಹಾಗಾಗಿ ನಿಮ್ಮ ಮೊದಲ ಇಮೇಲನ್ನು ಅಳಿಸಬೇಡಿ, ಹೊಸ ಅರ್ಜಿಯನ್ನು ಅದಕ್ಕೇ ಉತ್ತರವಾಗಿ ಕಳಿಸಿ. ಹೀಗೆ ಬರೆದರೆ ಸಾಕು:

«ಮೇಲ್ಕಂಡ ವಾಹನವನ್ನು ನೋಂದಾಯಿತ ಕೇಂದ್ರದಲ್ಲಿ ಸ್ಕ್ರ್ಯಾಪ್ ಮಾಡಿಸಲಾಗಿದ್ದು, ಅದರ ನೋಂದಣಿ ರದ್ದಾಗಿದೆ. ಪ್ರಮಾಣಪತ್ರಗಳನ್ನು ಲಗತ್ತಿಸಿದ್ದೇನೆ. ಇದು ಮಾರಾಟವಲ್ಲ, ಎರಡು ವಿಮೆಯ ಪ್ರಕರಣವೂ ಅಲ್ಲ. ಈ ಅವಧಿಯಲ್ಲಿ ಯಾವ ಕ್ಲೇಮ್ ಪಡೆದಿಲ್ಲ. ನನ್ನ ಮೊದಲ ಅರ್ಜಿಯ ದಿನದಿಂದ ಪಾಲಿಸಿ ರದ್ದುಪಡಿಸಿ, ಉಳಿದ ಪ್ರೀಮಿಯಂ ಅನ್ನು ನನ್ನ ಖಾತೆಗೆ ಜಮಾ ಮಾಡಿ, ಲೆಕ್ಕದ ವಿವರ ಕಳಿಸಿ.»

ಜೊತೆಗೆ ಪಾಲಿಸಿ ಪ್ರತಿ, ರದ್ದು ಮಾಡಿದ ಒಂದು ಚೆಕ್ ಹಾಳೆ ಇಡಿ. ಪಾಲಿಸಿಯಲ್ಲಿರೋ ಹೆಸರೂ ಬ್ಯಾಂಕಿನ ಹೆಸರೂ ಒಂದೇ ಇರಲಿ, ಇನಿಷಿಯಲ್ ಹಿಂದೆ ಮುಂದೆ ಆದರೂ ಹಣ ನಿಂತುಬಿಡುತ್ತೆ.

ಅವರು ಜಗ್ಗದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ತಿಂಗಳಾದರೂ ಉತ್ತರ ಬರದಿದ್ದರೆ ವಿಮೆಯವರ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರೂ ಬೇಡ.

ನೋ ಕ್ಲೇಮ್ ಬೋನಸ್ ಬಗ್ಗೆ ಕೇಳಿದವರಿಗೆ: ಅದು ತಮ್ಮ ಗಾಡಿಗಾಗುವ ಹಾನಿಗೆ ಮಾಡಿಸುವ ಓನ್ ಡ್ಯಾಮೇಜ್ ವಿಮೆ ಇದ್ದವರಿಗೆ ಮಾತ್ರ, ಈ ಜೀಪಿಗೆ ಅನ್ವಯಿಸಲ್ಲ. ನಿಮ್ಮ ಗಾಡಿಗೆ ಅದಿದ್ದರೆ ಪಾಲಿಸಿ ರದ್ದು ಮಾಡಿಸುವಾಗಲೇ ಬೋನಸ್ ಪತ್ರ ಕೇಳಿ ಪಡೀರಿ, ಮೂರು ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು.